ಅಪ್ಪಯ್ಯನ ಫೋನಿನಲ್ಲಿ ರಾಕೆಟ್ ಚಿತ್ರದ 'ಬೂಸ್ಟರ್' ಕೂತಿದೆ, ತೆಗೆಯಲು ಆಗುತ್ತಿಲ್ಲ

ಶಿರಸಿ ತೋಟದಮನೆ

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ 14 ಕಿ.ಮೀ. ಒಳಗೆ ನಮ್ಮ ಮನೆ. ನಾನು ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತೇನೆ. ಶನಿವಾರ ಊರಿಗೆ ಬಂದಾಗ ಅಪ್ಪಯ್ಯ ಫೋನ್ ಕೈಗೆ ಕೊಟ್ಟು, 'ಇದು ಸಾಯ್ತಾ ಇದೆ, ನೋಡು' ಅಂದರು.

ಫೋನ್ 4 ವರ್ಷ ಹಳೆಯದು. 3 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್, ಆಂಡ್ರಾಯ್ಡ್ 11. ಅಪ್ಪಯ್ಯ ಅದರಲ್ಲಿ ಮಾಡುವುದು ಇಷ್ಟೇ: ಫೋನ್ ಮಾತು, ವಾಟ್ಸಾಪ್, ಅಡಿಕೆ ದರ ನೋಡುವುದು, ರಾತ್ರಿ ಊಟ ಆದ ಮೇಲೆ ಯಕ್ಷಗಾನದ ವಿಡಿಯೋ. ಮಳೆಗಾಲ ಶುರುವಾದಾಗಿನಿಂದ ತುಂಬಾ ನಿಧಾನ ಆಗಿದೆಯಂತೆ. ಫೋನ್ ಬಂದರೆ ಹಸಿರು ಬಟನ್ ಕಾಣುವಷ್ಟರಲ್ಲಿ ರಿಂಗ್ ನಿಂತಿರುತ್ತದೆ.

ಆಗ ಒಂದು ದಿನ 'ನಿಮ್ಮ ಫೋನಿನಲ್ಲಿ 4 ವೈರಸ್ ಇದೆ, ಈಗಲೇ ಕ್ಲೀನ್ ಮಾಡಿ' ಅಂತ ನೋಟಿಫಿಕೇಶನ್ ಬಂತು. ಒತ್ತಿದರು. ಒಂದು ಆ್ಯಪ್ ಇಳಿಯಿತು. ರಾಕೆಟ್ ಒತ್ತಿದರೆ '1.2 ಜಿಬಿ ಖಾಲಿ ಆಯಿತು, ಫೋನ್ 38% ವೇಗ' ಅಂತ ತೋರಿಸುತ್ತದೆ. ಐದು ನಿಮಿಷಕ್ಕೆ ಮತ್ತೆ ಕೆಂಪು. ಮತ್ತೆ ಒತ್ತಬೇಕು. ಈಗ ಲಾಕ್ ತೆಗೆದ ಕೂಡಲೇ ಜಾಹೀರಾತು, ಮಾತು ಮುಗಿಸಿ ಫೋನ್ ಇಟ್ಟ ಕೂಡಲೇ ಜಾಹೀರಾತು. ತೆಗೆಯೋಣ ಅಂದರೆ 'ಅನ್‌ಇನ್‌ಸ್ಟಾಲ್' ಬಟನ್ ಮಂಕಾಗಿದೆ, ಒತ್ತಲು ಬರುವುದಿಲ್ಲ.

ನನ್ನ ಪ್ರಶ್ನೆ ಎರಡು. ಇದನ್ನು ತೆಗೆಯುವುದು ಹೇಗೆ? ತೆಗೆದ ಮೇಲೆ ಇದರ ಬದಲು ಒಳ್ಳೆಯ ಕ್ಲೀನರ್ ಯಾವುದು ಹಾಕಲಿ?

ಅಂಕೋಲಾ ಮೇಷ್ಟ್ರು

ಎಲ್ಲ ಕ್ಲೀನರ್‌ಗಳೂ ಕೆಟ್ಟವಲ್ಲ. ನಾನು ಎರಡು ವರ್ಷದಿಂದ ಒಂದನ್ನು ಬಳಸುತ್ತಿದ್ದೇನೆ, ಹಣ ಕೊಟ್ಟೇ ತೆಗೆದುಕೊಂಡದ್ದು. ಒತ್ತಿದರೆ ರ‍್ಯಾಮ್ 85% ಇದ್ದದ್ದು 50%ಕ್ಕೆ ಬರುತ್ತದೆ. ರ‍್ಯಾಮ್ ತುಂಬಿದರೆ ಫೋನ್ ನಿಧಾನ ಆಗುತ್ತದೆ, ಇದು ಲೆಕ್ಕ. ಜೊತೆಗೆ ಪ್ರತಿ ಸಲ ಬಳಸಿದ ಮೇಲೆ ತೆರೆದಿರುವ ಆ್ಯಪ್‌ಗಳನ್ನೆಲ್ಲ ಮೇಲೆ ಸರಿಸಿ ಮುಚ್ಚಬೇಕು. ನಮ್ಮ ಮನೆಯಲ್ಲಿ ಎಲ್ಲರಿಗೂ ಅದೇ ಅಭ್ಯಾಸ. ನಿಮ್ಮ ತಂದೆಯವರ ಫೋನಿಗೆ ಸಿಕ್ಕಿದ್ದು ನಕಲಿ ಆ್ಯಪ್ ಇರಬೇಕು. ಅಸಲಿದು ಹಾಕಿ.

ಕಾರವಾರ ಬಂದರು

ನನಗೂ ಕ್ಲೀನರ್ ಬೇಕಿತ್ತು, ಒಳ್ಳೆಯದು ಇದ್ದರೆ ಹೇಳಿ. ದಿನಾ ಬೆಳಿಗ್ಗೆ ಬೋಟಿನ ಹತ್ತಿರ ಇರುತ್ತೇನೆ. ಚಾರ್ಜರ್ ಹಾಕುವ ಜಾಗದಲ್ಲಿ ಹಸಿರು ಕಟ್ಟಿದೆ. ವಯರ್ ಅಲ್ಲಾಡಿಸಿದರೆ ಮಾತ್ರ ಚಾರ್ಜ್ ಆಗುತ್ತದೆ. ಯಾವ ಆ್ಯಪ್ ಹಾಕಿದರೆ ಅದು ಕ್ಲೀನ್ ಆಗುತ್ತದೆ?

ಕುಮಟಾ ರಿಪೇರಿ

ಬಂದರು ಅಣ್ಣ, ನಿಮ್ಮದು ಆ್ಯಪ್‌ನಿಂದ ಆಗುವ ಕೆಲಸ ಅಲ್ಲ. ಅದು ಉಪ್ಪು ಗಾಳಿಗೆ ಪಿನ್ ಕಿಲುಬು ಹಿಡಿದದ್ದು. ಫೋನ್ ಆಫ್ ಮಾಡಿ ರಿಪೇರಿಯವರಿಗೆ ತೋರಿಸಿ. ಸೂಜಿ, ಪಿನ್ ಹಾಕಿ ಕೆದಕಬೇಡಿ, ಒಳಗಿನ ನಾಲಿಗೆ ಮುರಿಯುತ್ತದೆ. ಪಿನ್ ತಿಂದುಹೋಗಿದ್ದರೆ ಪೋರ್ಟ್ ಬದಲಿಸಬೇಕಾಗುತ್ತದೆ.

ತೋಟದಮನೆಯವರೇ, ಮೊದಲು ತೆಗೆಯುವ ವಿಷಯ ಹೇಳುತ್ತೇನೆ. ಇಂಥ ಫೋನ್ ನನ್ನ ಟೇಬಲ್ಲಿಗೆ ವಾರಕ್ಕೆ ಎರಡಾದರೂ ಬರುತ್ತವೆ.

ಫೋನನ್ನು ಸೇಫ್ ಮೋಡ್‌ನಲ್ಲಿ ಆನ್ ಮಾಡಿ. ಹೆಚ್ಚಿನ ಫೋನುಗಳಲ್ಲಿ ಪವರ್ ಬಟನ್ ಒತ್ತಿ ಹಿಡಿದು, 'ಪವರ್ ಆಫ್' ಕಂಡಾಗ ಅದರ ಮೇಲೆಯೇ ಬೆರಳು ಒತ್ತಿ ಇಟ್ಟರೆ ಕೇಳುತ್ತದೆ. ಕೆಲವು ಕಂಪನಿಯ ಫೋನುಗಳಲ್ಲಿ ಆನ್ ಆಗುವಾಗ ವಾಲ್ಯೂಮ್ ಕಡಿಮೆ ಮಾಡುವ ಬಟನ್ ಒತ್ತಿ ಹಿಡಿಯಬೇಕು. ಸೇಫ್ ಮೋಡ್‌ನಲ್ಲಿ ನಾವು ಹೊರಗಿನಿಂದ ಹಾಕಿದ ಆ್ಯಪ್ ಯಾವುದೂ ಓಡುವುದಿಲ್ಲ. ಹಾಗಾಗಿ ಜಾಹೀರಾತು ಮೈಮೇಲೆ ಬಂದು ಕೈ ತಡೆಯುವುದಿಲ್ಲ. ಜಾಹೀರಾತು ಅಲ್ಲಿ ಬರಲೇ ಇಲ್ಲ ಅಂದರೆ, ಕಳ್ಳ ಫೋನಿನದಲ್ಲ, ಹಾಕಿದ ಆ್ಯಪ್‌ನದ್ದೇ ಅಂತ ಖಾತ್ರಿಯೂ ಆಯಿತು.

ಬಟನ್ ಮಂಕಾಗಿದೆ ಅಂದರೆ ಆ ಆ್ಯಪ್ 'ಡಿವೈಸ್ ಅಡ್ಮಿನ್' ಹಕ್ಕು ತೆಗೆದುಕೊಂಡಿದೆ. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರಿಟಿ ಒಳಗೆ 'ಡಿವೈಸ್ ಅಡ್ಮಿನ್ ಆ್ಯಪ್ಸ್' ಅಂತ ಇರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಪಟ್ಟಿಯಲ್ಲಿ ಅದನ್ನೇ ಬರೆಯಿರಿ. ಅಲ್ಲಿ ಅದರ ಹಕ್ಕು ತೆಗೆಯಿರಿ. ಹಾಗೆಯೇ 'ಆ್ಯಕ್ಸೆಸಿಬಿಲಿಟಿ' ಒಳಗೂ, 'ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್' ಒಳಗೂ ಒಮ್ಮೆ ನೋಡಿ. ನಿಮಗೆ ಗೊತ್ತಿಲ್ಲದ ಹೆಸರು ಇದ್ದರೆ ಆಫ್ ಮಾಡಿ. ಇಷ್ಟಾದ ಮೇಲೆ ಅನ್‌ಇನ್‌ಸ್ಟಾಲ್ ಬಟನ್‌ಗೆ ಜೀವ ಬರುತ್ತದೆ.

ಇನ್ನೊಂದು ಮಾತು. ಆ್ಯಪ್‌ಗಳ ಪಟ್ಟಿಯಲ್ಲಿ ಕೊನೆಯವರೆಗೂ ಇಳಿದು ನೋಡಿ. ಹೆಸರಿಲ್ಲದ, ಚಿತ್ರವಿಲ್ಲದ ಖಾಲಿ ಸಾಲು ಒಂದಿರಬಹುದು. ಬೂಸ್ಟರ್ ಜೊತೆ ಅಂಥದ್ದೂ ಇಳಿದಿರುತ್ತದೆ ಎಷ್ಟೋ ಸಲ.

ಶಿರಸಿ ತೋಟದಮನೆ

ಅಣ್ಣ, ಆಯಿತು! ಸೇಫ್ ಮೋಡ್‌ನಲ್ಲಿ ಜಾಹೀರಾತು ಒಂದೂ ಬರಲಿಲ್ಲ. ಅಡ್ಮಿನ್ ಪಟ್ಟಿಯಲ್ಲಿ ರಾಕೆಟ್ ಇತ್ತು, ಆಫ್ ಮಾಡಿದೆ, ತೆಗೆದೆ. ನೀವು ಹೇಳಿದ ಹಾಗೆ ಪಟ್ಟಿಯ ಕೊನೆಯಲ್ಲಿ ಒಂದು ಖಾಲಿ ಸಾಲೂ ಇತ್ತು. 4 ಎಂಬಿ ಅಷ್ಟೇ. ಅದನ್ನೂ ತೆಗೆದೆ.

ಆದರೆ ಮಾಮೂಲಿಯಾಗಿ ಆನ್ ಮಾಡಿದ ಮೇಲೆ ಅದೇ '4 ವೈರಸ್' ನೋಟಿಫಿಕೇಶನ್ ಮತ್ತೆ ಬಂತು. ಆ್ಯಪ್ ಇಲ್ಲದೆ ಇದು ಎಲ್ಲಿಂದ ಬರುತ್ತಿದೆ?

ಕುಮಟಾ ರಿಪೇರಿ

ಕ್ರೋಮ್‌ನಿಂದ. ಆ ನೋಟಿಫಿಕೇಶನ್ ಮೇಲೆ ಬೆರಳು ಒತ್ತಿ ಹಿಡಿಯಿರಿ, ಕಳಿಸಿದ್ದು ಯಾರು ಅಂತ ಗೊತ್ತಾಗುತ್ತದೆ. ಎಂದೋ ಒಂದು ವೆಬ್‌ಸೈಟ್ 'ನೋಟಿಫಿಕೇಶನ್ ಕಳಿಸಲೇ' ಅಂತ ಕೇಳಿರುತ್ತದೆ, ಅಪ್ಪಯ್ಯ 'ಅಲೋ' ಒತ್ತಿರುತ್ತಾರೆ. ಯಾವ ವೈರಸ್ಸನ್ನೂ ಯಾರೂ ಹುಡುಕಿಲ್ಲ. ವೆಬ್‌ಸೈಟಿಗೆ ನಿಮ್ಮ ಫೋನಿನ ಒಳಗೆ ಹೊಕ್ಕು ನೋಡಲು ಆಗುವುದೇ ಇಲ್ಲ. ಎಲ್ಲರಿಗೂ ಅದೇ 4 ವೈರಸ್ ಕಳಿಸುತ್ತದೆ.

ಕ್ರೋಮ್ ತೆರೆದು, ಮೂರು ಚುಕ್ಕಿ, ಸೆಟ್ಟಿಂಗ್ಸ್, 'ಸೈಟ್ ಸೆಟ್ಟಿಂಗ್ಸ್', 'ನೋಟಿಫಿಕೇಶನ್ಸ್'. ಅಲ್ಲಿ ಅನುಮತಿ ಪಡೆದ ಸೈಟುಗಳ ಪಟ್ಟಿ ಇರುತ್ತದೆ. ಗೊತ್ತಿಲ್ಲದ್ದನ್ನೆಲ್ಲ ಬ್ಲಾಕ್ ಮಾಡಿ. ಇದನ್ನು ಬಿಟ್ಟರೆ 10 ದಿನಕ್ಕೆ ಮತ್ತೆ ಬೂಸ್ಟರ್ ಬಂದು ಕೂತಿರುತ್ತದೆ. ಬೇರು ಅಲ್ಲಿದೆ.

ಶಿರಸಿ ತೋಟದಮನೆ

17 ಸೈಟ್ ಇದ್ದವು. ಎಲ್ಲ ಬ್ಲಾಕ್ ಮಾಡಿದೆ. ನೋಟಿಫಿಕೇಶನ್ ನಿಂತಿತು.

ಫೋನ್ ಮಾತ್ರ ಇನ್ನೂ ನಿಧಾನವೇ. ಅದಕ್ಕೇ ಕೇಳಿದ್ದು, ಒಳ್ಳೆಯ ಕ್ಲೀನರ್ ಬೇಕಲ್ವಾ?

ಸಿದ್ದಾಪುರ ಹುಡುಗ

ಬೇಡ ಅಕ್ಕ. ಮೇಷ್ಟ್ರು ಹೇಳಿದ ರ‍್ಯಾಮ್ ಲೆಕ್ಕದ ಬಗ್ಗೆ ನನಗೂ ಅನುಮಾನ ಇತ್ತು, ಅದಕ್ಕೆ ನಾನೇ ನೋಡಿದೆ. ಡಿಪ್ಲೊಮಾ ಓದುತ್ತಿದ್ದೇನೆ. ನನ್ನ ಹಳೆಯ ಫೋನೂ 3 ಜಿಬಿಯದೇ. ಕಂಪ್ಯೂಟರಿಗೆ ಜೋಡಿಸಿ ಇದನ್ನು ಕೊಟ್ಟೆ:

```
adb shell dumpsys meminfo
```

ಉದ್ದ ಪಟ್ಟಿ ಬರುತ್ತದೆ. ಕೊನೆಯ ಕಡೆ ಈ ಸಾಲು ಇತ್ತು:

```
Free RAM: 1,118,420K (402,516K cached pss + 561,304K cached kernel + 154,600K free)
```

ಇದನ್ನು ನಿಧಾನವಾಗಿ ಓದಿ. ನಿಜವಾಗಿ ಖಾಲಿ ಬಿದ್ದಿರುವುದು ಕೊನೆಯದು ಮಾತ್ರ, ಸುಮಾರು 150 ಎಂಬಿ. ಆದರೆ ಆಂಡ್ರಾಯ್ಡ್ ತನ್ನ ಲೆಕ್ಕದಲ್ಲಿ 1.1 ಜಿಬಿ ಖಾಲಿ ಇದೆ ಅನ್ನುತ್ತಿದೆ. ಮಧ್ಯದ ಎರಡನ್ನೂ ಅದು ಖಾಲಿ ಅಂತಲೇ ಎಣಿಸುತ್ತದೆ. 400 ಎಂಬಿ ಅಂದರೆ ನಾವು ಬಳಸಿ ಬಿಟ್ಟ ಆ್ಯಪ್‌ಗಳು. ಅವು ಕೆಲಸ ಮಾಡುತ್ತಿಲ್ಲ, ಮತ್ತೆ ಕರೆದರೆ ಬೇಗ ಬರಲಿ ಅಂತ ಸುಮ್ನೆ ಕೂರಿಸಿಟ್ಟಿದೆ. 560 ಎಂಬಿ ಅಂದರೆ ಸ್ಟೋರೇಜ್‌ನಿಂದ ಆಗಲೇ ಓದಿದ ಫೈಲುಗಳು, ಮತ್ತೆ ಓದುವ ಕೆಲಸ ಉಳಿಯಲಿ ಅಂತ ಇಟ್ಟುಕೊಂಡದ್ದು. ಹೊಸ ಆ್ಯಪ್‌ಗೆ ಜಾಗ ಬೇಕಾದ ಕೂಡಲೇ ಎರಡನ್ನೂ ಅದೇ ಬಿಟ್ಟುಕೊಡುತ್ತದೆ. ಯಾರೂ ರಾಕೆಟ್ ಒತ್ತಬೇಕಿಲ್ಲ.

ಬೂಸ್ಟರ್ ಮಾಡುವುದು ಆ ಕೂತಿರುವ ಆ್ಯಪ್‌ಗಳನ್ನು ಎಬ್ಬಿಸಿ ಹೊರಗೆ ಹಾಕುವುದು. ಒಂದು ಬೂಸ್ಟರ್ ಹಾಕಿಯೂ ನೋಡಿದೆ. ಇನ್ನೊಂದು ಫೋನಿನಲ್ಲಿ ವಿಡಿಯೋ ಹಿಡಿದು ಲೆಕ್ಕ ಹಾಕಿದೆ. ಒತ್ತುವ ಮೊದಲು ವಾಟ್ಸಾಪ್ ಒಂದು ಸೆಕೆಂಡಿನ ಒಳಗೆ ತೆರೆಯಿತು. ಒತ್ತಿದ ಮೇಲೆ 4 ಸೆಕೆಂಡ್ ಹತ್ತಿರ ಆಯಿತು, ಮೊದಲಿನಿಂದ ಎಬ್ಬಿಸಬೇಕಲ್ವಾ? ಹತ್ತು ನಿಮಿಷ ಬಿಟ್ಟು ನೋಡಿದರೆ ಹೊರಗೆ ಹಾಕಿದ್ದರಲ್ಲಿ ಅರ್ಧ ಆ್ಯಪ್‌ಗಳು ತಾವೇ ಮತ್ತೆ ಬಂದು ಕೂತಿದ್ದವು. ಅವು ಮೆಸೇಜ್ ನೋಡಬೇಕು, ಬಂದೇ ಬರುತ್ತವೆ. ಹಾಗೆ ಹೋಗಿ ಬರುವುದಕ್ಕೆಲ್ಲ ಬ್ಯಾಟರಿ ಖರ್ಚು.

ಅಂಕೋಲಾ ಮೇಷ್ಟ್ರು

ಪ್ರಯೋಗ ಮಾಡಿ ಹೇಳಿದ್ದೀರಿ, ಸಂತೋಷ. ಆದರೆ ನನ್ನ ಫೋನಿನಲ್ಲಿ 85 ಇದ್ದದ್ದು 50 ಆಗುವುದನ್ನು ಕಣ್ಣಾರೆ ನೋಡುತ್ತೇನೆ. ಅದು ಸುಳ್ಳೇ?

ಸಿದ್ದಾಪುರ ಹುಡುಗ

ಸರ್, ನಿಮ್ಮ ಫೋನಿನಲ್ಲಿ ಆಂಡ್ರಾಯ್ಡ್ ಎಷ್ಟನೆಯದು?

ಅಂಕೋಲಾ ಮೇಷ್ಟ್ರು

14. ಕಳೆದ ವರ್ಷ ಹೊಸದು ತೆಗೆದುಕೊಂಡೆ.

ಸಿದ್ದಾಪುರ ಹುಡುಗ

ಹಾಗಾದರೆ ಸರ್, ಬೇರೆ ಆ್ಯಪ್‌ಗಳನ್ನು ಹೊರಗೆ ಹಾಕಲು ಬೂಸ್ಟರ್‌ಗಳು ಬಳಸುತ್ತಿದ್ದ ದಾರಿಯನ್ನೇ ಆಂಡ್ರಾಯ್ಡ್ 14ರಲ್ಲಿ ಮುಚ್ಚಿದ್ದಾರೆ. ಆ ಆಜ್ಞೆ ಕೊಟ್ಟರೆ ಆ್ಯಪ್ ತನ್ನದೇ ಹಿಂದಿನ ಕೆಲಸಗಳನ್ನು ನಿಲ್ಲಿಸಬಹುದು, ಇನ್ನೊಬ್ಬರದನ್ನಲ್ಲ. ಬೇರೆ ಆ್ಯಪ್‌ಗಳ ಕ್ಯಾಶ್, ಅಂದರೆ ಅವು ಕೂಡಿಟ್ಟ ತಾತ್ಕಾಲಿಕ ಫೈಲ್, ಅಳಿಸುವ ಹಕ್ಕಂತೂ ಹೊರಗಿನ ಆ್ಯಪ್‌ಗಳಿಗೆ ಆಂಡ್ರಾಯ್ಡ್ 6ರಿಂದಲೇ ಇಲ್ಲ. ಉಳಿದದ್ದು ಒಂದೇ ದಾರಿ. ಆ್ಯಕ್ಸೆಸಿಬಿಲಿಟಿ ಅನುಮತಿ ಪಡೆದು, ನಾವು ಬೆರಳಿನಿಂದ ಒತ್ತುವ ಬಟನ್‌ಗಳನ್ನು ಅದೇ ಒಂದೊಂದಾಗಿ ಒತ್ತುವುದು. ನೀವು ಆ ಅನುಮತಿ ಕೊಟ್ಟಿದ್ದೀರಾ ನೋಡಿ. ಕೊಟ್ಟಿಲ್ಲ ಅಂದರೆ, 85ರಿಂದ 50 ಅನ್ನುವುದು ಪರದೆಯ ಮೇಲಿನ ಚಿತ್ರ. ಕೊಟ್ಟಿದ್ದರೆ ಅದು ಪರದೆಯ ಮೇಲೆ ಇರುವುದನ್ನೆಲ್ಲ ಓದಬಲ್ಲದು. ನಿಮ್ಮ ಬ್ಯಾಂಕ್ ಆ್ಯಪ್ ಕೂಡ ಅದೇ ಪರದೆಯ ಮೇಲೇ ತೆರೆಯುವುದು.

ಅಂಕೋಲಾ ಮೇಷ್ಟ್ರು

ನೋಡಿದೆ. ಅನುಮತಿ ಕೊಟ್ಟಿಲ್ಲ.

ಆಗಲಿ, ಬೂಸ್ಟರ್ ವಿಷಯ ಒಪ್ಪಿದೆ. ಆದರೆ ಆ್ಯಪ್‌ಗಳನ್ನು ಮೇಲೆ ಸರಿಸಿ ಮುಚ್ಚುವುದನ್ನು ಬಿಡುವುದಿಲ್ಲ. ಮ್ಯಾಪ್ ತೆರೆದು ಹಾಗೇ ಬಿಟ್ಟರೆ ಬ್ಯಾಟರಿ ಇಳಿದದ್ದು ನನಗೇ ಅನುಭವ ಇದೆ.

ಕುಮಟಾ ರಿಪೇರಿ

ಮೇಷ್ಟ್ರೇ, ಮ್ಯಾಪ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ದಾರಿ ತೋರಿಸುತ್ತಿರುವ ಮ್ಯಾಪ್ ನಿಜವಾಗಿ ಕೆಲಸ ಮಾಡುತ್ತಿರುತ್ತದೆ, ಅದನ್ನು ಮುಚ್ಚಲೇಬೇಕು. ಸಿಕ್ಕಿಹಾಕಿಕೊಂಡ ಆ್ಯಪ್ ಇದ್ದರೂ ಮುಚ್ಚಿ. ಉಳಿದವನ್ನು ಬಿಡಿ. ನನ್ನ ಟೇಬಲ್ ನೋಡಿ. ದಿನಾ ಬೇಕಾಗುವ ಸ್ಕ್ರೂಡ್ರೈವರ್, ಚಿಮಟ, ಬ್ರಷ್ ಕೈಗೆ ಸಿಗುವ ಹಾಗೆ ಹರಡಿಕೊಂಡಿರುತ್ತವೆ. ಐದು ನಿಮಿಷಕ್ಕೊಮ್ಮೆ ಯಾರಾದರೂ ಬಂದು ಎಲ್ಲವನ್ನೂ ಕಪಾಟಿಗೆ ತುಂಬಿ 'ಟೇಬಲ್ ಖಾಲಿ ಆಯಿತು' ಅಂದರೆ ನನ್ನ ಕೆಲಸ ಬೇಗ ಆಗುತ್ತದೆಯೇ?

ತೋಟದಮನೆಯವರೇ, ನಿಮ್ಮ ಫೋನ್ ನಿಧಾನ ಆಗಿರುವುದಕ್ಕೆ ಕಾರಣ ಬೇರೆ ಇರಬೇಕು. ಸೆಟ್ಟಿಂಗ್ಸ್, ಸ್ಟೋರೇಜ್ ತೆರೆದು ಎಷ್ಟು ಖಾಲಿ ಇದೆ ಹೇಳಿ. ಯಾವುದು ಎಷ್ಟು ತಿಂದಿದೆ ಅಂತಲೂ ಹೇಳಿ.

ಶಿರಸಿ ತೋಟದಮನೆ

32ರಲ್ಲಿ 31.4 ಜಿಬಿ ತುಂಬಿದೆ. 600 ಎಂಬಿ ಖಾಲಿ. ವಾಟ್ಸಾಪ್ ಒಂದೇ 11 ಜಿಬಿ! ಸಿಸ್ಟಮ್ 9 ಜಿಬಿ ಅಂತಿದೆ. ಉಳಿದದ್ದು ಆ್ಯಪ್‌ಗಳು, ಫೋಟೋ, ವಿಡಿಯೋ.

ಕುಮಟಾ ರಿಪೇರಿ

ಅಲ್ಲೇ ಇದೆ ನೋಡಿ. ರ‍್ಯಾಮ್ ತುಂಬುವುದು ಒಳ್ಳೆಯದು, ಸ್ಟೋರೇಜ್ ತುಂಬುವುದು ಕೆಟ್ಟದ್ದು. ಬೂಸ್ಟರ್ ಆ್ಯಪ್‌ಗಳು ಈ ಎರಡನ್ನೂ ಕಲಸಿ ಒಂದೇ ಕೆಂಪು ವೃತ್ತದಲ್ಲಿ ತೋರಿಸುತ್ತವೆ.

ಫೋನಿನ ಸ್ಟೋರೇಜ್ ಚಿಪ್‌ನಲ್ಲಿ ಬರೆದ ಜಾಗದ ಮೇಲೆಯೇ ಮತ್ತೆ ಬರೆಯಲು ಬರುವುದಿಲ್ಲ. ಮೊದಲು ಅಳಿಸಬೇಕು. ಅಳಿಸುವುದೂ ಒಂದೊಂದು ಸಾಲು ಅಲ್ಲ, ದೊಡ್ಡ ದೊಡ್ಡ ತುಂಡುಗಳನ್ನೇ ಅಳಿಸಬೇಕು. ಜಾಗ ಧಾರಾಳ ಇದ್ದರೆ ಚಿಪ್ ಬಿಡುವಿದ್ದಾಗ ಮುಂಚೆಯೇ ಅಳಿಸಿ ಇಟ್ಟುಕೊಳ್ಳುತ್ತದೆ. ಜಾಗ ಇಲ್ಲದಿದ್ದರೆ, ಒಂದು ಮೆಸೇಜ್ ಬಂದರೂ ಉಳಿದ ಮಾಹಿತಿಯನ್ನು ಅತ್ತಿತ್ತ ಸರಿಸಿ, ತುಂಡು ಅಳಿಸಿ, ಆಮೇಲೆ ಬರೆಯಬೇಕು. ಅಷ್ಟು ಹೊತ್ತು ಫೋನ್ ನಿಂತೇ ಇರುತ್ತದೆ. ಹಸಿರು ಬಟನ್ ಕಾಣುವಷ್ಟರಲ್ಲಿ ರಿಂಗ್ ನಿಂತಿತು ಅಂದಿರಲ್ಲ, ಅದು ಹೆಚ್ಚಾಗಿ ಇದೇ.

ಇದಕ್ಕೆ ಫೋನಿನ ಒಳಗೇ ಒಂದು ಕೆಲಸ ಇಟ್ಟಿದ್ದಾರೆ. ನಾವು ಫೈಲ್ ಅಳಿಸಿದರೂ ಆ ಜಾಗ ಇನ್ನು ಬೇಡ ಅಂತ ಚಿಪ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಟ್ರಿಮ್ ಅನ್ನುವ ಕೆಲಸ ಆ ಪಟ್ಟಿಯನ್ನು ಚಿಪ್‌ಗೆ ಕೊಡುತ್ತದೆ. ಆಂಡ್ರಾಯ್ಡ್ ಇದನ್ನು ದಿನಕ್ಕೊಮ್ಮೆ ಮಾಡಲು ನೋಡುತ್ತದೆ. ಆದರೆ ಎರಡು ಷರತ್ತು: ಫೋನ್ ಚಾರ್ಜಿಗೆ ಹಾಕಿರಬೇಕು, ಯಾರೂ ಮುಟ್ಟದೆ ಸುಮ್ಮನೆ ಬಿದ್ದಿರಬೇಕು. ಸಾಮಾನ್ಯವಾಗಿ ರಾತ್ರಿ ಆಗುತ್ತದೆ. ಆ್ಯಪ್‌ಗಳು ಬೇಗ ತೆರೆಯಲಿ ಅಂತ ಅವನ್ನು ಸಜ್ಜು ಮಾಡುವ ಕೆಲಸವೂ ಅದೇ ಹೊತ್ತಿಗೆ ನಡೆಯುತ್ತದೆ. ಅಪ್ಪಯ್ಯ ಫೋನ್ ಯಾವಾಗ ಚಾರ್ಜ್ ಮಾಡುತ್ತಾರೆ?

ಶಿರಸಿ ತೋಟದಮನೆ

ಅಣ್ಣ, ಇದು ಕೇಳಿ ಆಶ್ಚರ್ಯ ಆಯಿತು. ಅಪ್ಪಯ್ಯ ರಾತ್ರಿ ಫೋನ್ ಸ್ವಿಚ್ ಆಫ್ ಮಾಡಿ ಮಲಗುತ್ತಾರೆ. ಗುಡುಗು ಸಿಡಿಲಿಗೆ ಹೆದರಿ ಮನೆಯ ಪ್ಲಗ್ ಎಲ್ಲ ಕಿತ್ತು ಇಡುವುದು ನಮ್ಮಲ್ಲಿ ರೂಢಿ. ಎರಡು ವರ್ಷದ ಹಿಂದೆ ಪಕ್ಕದ ಮನೆಯ ಟಿವಿ ಸಿಡಿಲಿಗೆ ಸುಟ್ಟುಹೋದ ಮೇಲಂತೂ ಖಾಯಂ ಆಗಿದೆ. ಬೆಳಿಗ್ಗೆ ಕರೆಂಟ್ ಇದ್ದರೆ ಚಾರ್ಜಿಗೆ ಹಾಕಿ, ಅದರಲ್ಲೇ ಮಾತಾಡುತ್ತಾ ಇರುತ್ತಾರೆ. ಅಂದರೆ ಆ ಕೆಲಸಕ್ಕೆ ಹೊತ್ತೇ ಸಿಕ್ಕಿಲ್ಲ!

ಕುಮಟಾ ರಿಪೇರಿ

ಸಿಡಿಲಿಗೆ ಪ್ಲಗ್ ಕೀಳುವುದು ಸರಿಯೇ, ಅದನ್ನು ಬಿಡಿಸಬೇಡಿ. ರಾತ್ರಿಯೇ ಆಗಬೇಕು ಅಂತಿಲ್ಲ. ಮಧ್ಯಾಹ್ನ ಊಟ ಮಾಡಿ ಅವರು ಒರಗುವ ಹೊತ್ತಿಗೆ ಫೋನ್ ಆನ್ ಇಟ್ಟೇ ಚಾರ್ಜಿಗೆ ಹಾಕಿ, ಒಂದೆರಡು ಗಂಟೆ ಮುಟ್ಟದೆ ಬಿಡಿ. ವಾರಕ್ಕೆ ಎರಡು ಮೂರು ದಿನ ಆದರೂ ಸಾಕು.

ಅದಕ್ಕೂ ಮೊದಲು ಜಾಗ ಮಾಡಬೇಕು. ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, 'ಸ್ಟೋರೇಜ್ ಅಂಡ್ ಡೇಟಾ', 'ಮ್ಯಾನೇಜ್ ಸ್ಟೋರೇಜ್'. ಮೇಲ್ಗಡೆ 5 ಎಂಬಿಗಿಂತ ದೊಡ್ಡವು ಒಂದು ಕಡೆ, ಬಹಳ ಸಲ ಫಾರ್ವರ್ಡ್ ಆದವು ಒಂದು ಕಡೆ ಬರುತ್ತವೆ. ಅಲ್ಲಿಂದ ಶುರು ಮಾಡಿ. 5 ಜಿಬಿಯಾದರೂ ಖಾಲಿ ಆಗುವ ತನಕ ನಿಲ್ಲಬೇಡಿ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಒಂದೊಂದು ಆ್ಯಪ್‌ನ ಸ್ಟೋರೇಜ್ ಪುಟದಲ್ಲಿ 'ಕ್ಲಿಯರ್ ಕ್ಯಾಶ್' ಮತ್ತು 'ಕ್ಲಿಯರ್ ಸ್ಟೋರೇಜ್' ಅಂತ ಎರಡು ಬಟನ್ ಇರುತ್ತವೆ. ಎರಡನೆಯದನ್ನು ವಾಟ್ಸಾಪ್‌ಗೂ ಹಣ ಕಳಿಸುವ ಆ್ಯಪ್‌ಗೂ ಒತ್ತಲೇಬೇಡಿ. ಬ್ಯಾಕಪ್ ಇಲ್ಲದಿದ್ದರೆ ಮಾತುಕತೆ ಎಲ್ಲ ಹೋಗುತ್ತದೆ. ಹಣದ ಆ್ಯಪ್‌ನಲ್ಲಿ ಮತ್ತೆ ಮೊದಲಿನಿಂದ ನೋಂದಣಿ ಮಾಡಬೇಕು. ಕ್ಯಾಶ್ ಅಳಿಸಿದರೆ ತೊಂದರೆ ಇಲ್ಲ, ಆದರೆ ಲಾಭವೂ ಕಡಿಮೆ. ಜಾಗ ತೀರಾ ಕಡಿಮೆ ಆದಾಗ ಆಂಡ್ರಾಯ್ಡ್ ತಾನೇ ಅದನ್ನು ಅಳಿಸುತ್ತದೆ, ಬಳಸಿದ ಹಾಗೆ ಮತ್ತೆ ತುಂಬುತ್ತದೆ.

ಹೊನ್ನಾವರ ಅಕ್ಕ

ಇಷ್ಟು ಹೊತ್ತು ಓದುತ್ತಿದ್ದೆ. ನನ್ನದೂ ಒಂದು ಹೇಳಲೇಬೇಕು. ನಮ್ಮ ಸ್ವಸಹಾಯ ಸಂಘದ ಲೆಕ್ಕ ನಾನೇ ಇಡುತ್ತೇನೆ. ಪಾಸ್‌ಬುಕ್ಕಿನ ಪುಟಗಳನ್ನೆಲ್ಲ ಫೋಟೋ ತೆಗೆದು ಫೋನಿನಲ್ಲಿ ಇಟ್ಟಿದ್ದೆ, ಜೊತೆಗೆ ಮನೆಯ ಪಹಣಿ. ಒಂದು ಕ್ಲೀನರ್ ಆ್ಯಪ್ 'ಒಂದೇ ರೀತಿಯ 212 ಫೋಟೋ ಇವೆ, ಅಳಿಸಲೇ' ಅಂತ ಕೇಳಿತು. ಮಕ್ಕಳು ಒಂದೇ ಕಡೆ ನಿಂತು ತೆಗೆದ ಫೋಟೋಗಳಿರಬೇಕು ಅಂದುಕೊಂಡು 'ಹೌದು' ಒತ್ತಿದೆ. ಪಾಸ್‌ಬುಕ್ಕಿನ ಪುಟಗಳೂ ಅದರ ಕಣ್ಣಿಗೆ ಒಂದೇ ರೀತಿ. ಅದೇ ಗೆರೆ, ಅದೇ ಬಣ್ಣ, ಅಂಕಿ ಮಾತ್ರ ಬೇರೆ. ಎಲ್ಲ ಹೋದವು. ಕಸದ ಬುಟ್ಟಿಯಲ್ಲೂ ಇರಲಿಲ್ಲ. 14 ಜನರ ಮನೆಗೆ ಹೋಗಿ ಪಾಸ್‌ಬುಕ್ ಇಸಕೊಂಡು ಮತ್ತೆ ತೆಗೆದೆ. ಅಳಿಸುವ ಕೆಲಸ ಯಾವ ಆ್ಯಪ್‌ಗೂ ಬಿಡಬೇಡಿ, ಒಂದೊಂದೇ ನೋಡಿ ನೀವೇ ಅಳಿಸಿ.

ಸಿದ್ದಾಪುರ ಹುಡುಗ

ಅಕ್ಕ, ತುಂಬಾ ಬೇಜಾರಾಯಿತು. ಅದಕ್ಕೇ ಅಲ್ವಾ 2020ರಲ್ಲಿ ಸರ್ಕಾರ ಈ ಕ್ಲೀನರ್‌ಗಳನ್ನು ಬ್ಯಾನ್ ಮಾಡಿದ್ದು? ಜೂನ್ 29ರಂದು 59 ಆ್ಯಪ್ ಬ್ಯಾನ್ ಆದವು. ಕ್ಲೀನ್ ಮಾಸ್ಟರ್, ಡಿಯು ಕ್ಲೀನರ್, ಡಿಯು ಬ್ಯಾಟರಿ ಸೇವರ್ ಎಲ್ಲ ಆ ಪಟ್ಟಿಯಲ್ಲಿದ್ದವು.

ಕುಮಟಾ ರಿಪೇರಿ

ಪಟ್ಟಿ ಸರಿ ಇದೆ ತಮ್ಮಾ, ಕಾರಣ ಅದಲ್ಲ. ಸರ್ಕಾರ ಹೇಳಿದ್ದು ದೇಶದ ಭದ್ರತೆ, ಜನರ ಮಾಹಿತಿ ಹೊರಗೆ ಹೋಗುವ ವಿಷಯ. ಕ್ಲೀನರ್ ಕೆಲಸಕ್ಕೆ ಬರುವುದಿಲ್ಲ ಅಂತ ಯಾರೂ ಬ್ಯಾನ್ ಮಾಡಿಲ್ಲ. ಹಾಗಾಗಿಯೇ ಬೇರೆ ಹೆಸರಿನಲ್ಲಿ ಇವತ್ತಿಗೂ ಸಿಗುತ್ತವೆ.

ಗೋಕರ್ಣ ಲಾಡ್ಜ್

ಲ್ಯಾಪ್‌ಟಾಪಿಗೂ ಇದೇ ಮಾತೇ? ನಮ್ಮ ರಿಸೆಪ್ಶನ್‌ನಲ್ಲಿ ವಿಂಡೋಸ್ 10 ಇದೆ. 'ರಿಜಿಸ್ಟ್ರಿಯಲ್ಲಿ 1,340 ದೋಷ' ಅಂತ ಒಂದು ಸಾಫ್ಟ್‌ವೇರ್ ತೋರಿಸುತ್ತಿದೆ, ಸರಿಪಡಿಸಲು ಹಣ ಕೇಳುತ್ತಿದೆ.

ಕುಮಟಾ ರಿಪೇರಿ

ಕೊಡಬೇಡಿ. ರಿಜಿಸ್ಟ್ರಿ ಕ್ಲೀನರ್‌ಗಳಿಗೆ ತನ್ನ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಅಲ್ಲಿ ಹಳೆಯ ಸಾಲುಗಳು ಉಳಿದಿದ್ದರೆ ವೇಗಕ್ಕೆ ಏನೂ ಆಗುವುದಿಲ್ಲ, ತಪ್ಪಿ ಬೇಕಾದದ್ದು ಅಳಿಸಿದರೆ ಮಾತ್ರ ಕಷ್ಟ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಒಳಗೆ 'ಸ್ಟೋರೇಜ್ ಸೆನ್ಸ್' ಆನ್ ಮಾಡಿ, ಬೇಡದ ತಾತ್ಕಾಲಿಕ ಫೈಲ್ ಅದೇ ಅಳಿಸುತ್ತದೆ. ಡೌನ್‌ಲೋಡ್ಸ್ ಫೋಲ್ಡರನ್ನೂ ಅಳಿಸಬೇಕೇ ಅನ್ನುವುದನ್ನು ಮಾತ್ರ ಒಳಗೆ ಹೋಗಿ ನೋಡಿ, ಗ್ರಾಹಕರ ಐಡಿ ಅಲ್ಲಿ ಇಟ್ಟಿರಬಹುದು. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ನಿಧಾನಕ್ಕೆ ಅದೇ ಕಾರಣ. ಎಸ್‌ಎಸ್‌ಡಿ ಹಾಕಿಸಿ.

ಶಿರಸಿ ತೋಟದಮನೆ

ವಾಟ್ಸಾಪ್ ಕೆಲಸ ಮುಗಿಸಿದೆ. ಅಪ್ಪಯ್ಯನ ಪಕ್ಕ ಕೂತು ಒಂದೊಂದೇ ಕೇಳಿ ಅಳಿಸಿದೆ. 5 ಎಂಬಿಗಿಂತ ದೊಡ್ಡವೇ 6.8 ಜಿಬಿ ಇದ್ದವು. ಒಂದೇ ಯಕ್ಷಗಾನ ಪ್ರಸಂಗದ ತುಣುಕು ಐದು ಗುಂಪಿನಿಂದ ಐದು ಸಲ ಬಂದು ಕೂತಿತ್ತು. ಒಂದು ಇಟ್ಟು ನಾಲ್ಕು ಅಳಿಸಿದೆವು. ಗುಂಪಿನ ವಿಡಿಯೋ ತಾನಾಗಿ ಇಳಿಯುವುದನ್ನೂ ಆಫ್ ಮಾಡಿದೆ.

ಒಂದು ಅನುಮಾನ. ಗೂಗಲ್ ಫೋಟೋಸ್‌ನಲ್ಲೂ ಸುಮಾರು 2 ಜಿಬಿ ವಿಡಿಯೋ ಅಳಿಸಿದೆ. ಸ್ಟೋರೇಜ್‌ನಲ್ಲಿ ನೋಡಿದರೆ ಆ ಜಾಗ ಬಂದೇ ಇಲ್ಲ.

ಸಿದ್ದಾಪುರ ಹುಡುಗ

ಅದು ಕಸದ ಬುಟ್ಟಿಯಲ್ಲಿದೆ ಅಕ್ಕ. ಬ್ಯಾಕಪ್ ಆಗಿದ್ದರೆ 60 ದಿನ, ಆಗಿರದಿದ್ದರೆ 30 ದಿನ ಅಲ್ಲೇ ಇರುತ್ತದೆ. ಒಮ್ಮೆ ನೋಡಿಕೊಂಡು ಬುಟ್ಟಿ ಖಾಲಿ ಮಾಡಿ.

ಇನ್ನೊಂದು, ಬ್ಯಾಕಪ್ ಆದ ಫೋಟೋವನ್ನು ಅಲ್ಲಿ ಅಳಿಸಿದರೆ ಗೂಗಲ್ ಖಾತೆಯಲ್ಲಿರುವ ಪ್ರತಿಯೂ ಹೋಗುತ್ತದೆ. ಫೋನಿನದು ಮಾತ್ರ ಹೋಗಬೇಕು, ಗೂಗಲ್ ಖಾತೆಯಲ್ಲಿ ಉಳಿಯಬೇಕು ಅಂದರೆ 'ಫ್ರೀ ಅಪ್ ಸ್ಪೇಸ್' ಒತ್ತಬೇಕು. ಇದರಲ್ಲಿ ನನ್ನ ದೊಡ್ಡಮ್ಮ ಮೋಸ ಹೋಗಿದ್ದಾರೆ.

ಅಂಕೋಲಾ ಮೇಷ್ಟ್ರು

ನಾನು ಆ ಹಣ ಕೊಟ್ಟ ಕ್ಲೀನರ್ ತೆಗೆದೆ. ಆದರೆ ನನ್ನ ಫೋನ್ ಕಂಪನಿಯೇ ಒಂದು ಕ್ಲೀನರ್ ಕೊಟ್ಟಿದೆ, ಅದೂ ದಿನಾ 'ಜಂಕ್ ಇದೆ' ಅನ್ನುತ್ತದೆ, ಒಳಗೆ ಜಾಹೀರಾತೂ ಇದೆ. ಅದು ಫೋನಿನ ಸ್ವಂತದ್ದೋ, ಬೂಸ್ಟರೋ?

ಕುಮಟಾ ರಿಪೇರಿ

ಇದಕ್ಕೆ ಒಂದೇ ಉತ್ತರ ಕೊಡಲು ಬರುವುದಿಲ್ಲ ಮೇಷ್ಟ್ರೇ. ಕಂಪನಿಯದ್ದಾದ್ದರಿಂದ ಅದಕ್ಕೆ ಕ್ಯಾಶ್ ಅಳಿಸುವ ನಿಜವಾದ ಹಕ್ಕು ಇರುತ್ತದೆ, ಹೊರಗಿನವುಗಳ ಹಾಗೆ ಬರೀ ಚಿತ್ರವಲ್ಲ. ಆದರೆ ದಿನಾ ಒತ್ತಿಸುವುದು ಜಾಹೀರಾತು ತೋರಿಸಲಿಕ್ಕೆ ಅಂತಲೇ ನನ್ನ ಅನಿಸಿಕೆ. ನಾನು ಗಿರಾಕಿಗಳಿಗೆ ಅದರ ನೋಟಿಫಿಕೇಶನ್ ಆಫ್ ಮಾಡಿ ಕೊಡುತ್ತೇನೆ. ನಿಮ್ಮದು ಆಂಡ್ರಾಯ್ಡ್ 14 ಆದ್ದರಿಂದ ಇನ್ನೊಂದು ಅನುಕೂಲ ಇದೆ. ಕೆಲವು ತಿಂಗಳು ಮುಟ್ಟದ ಆ್ಯಪ್‌ಗಳನ್ನು ಫೋನೇ ಮಲಗಿಸುತ್ತದೆ. ಅದಕ್ಕೆ ಕೊಟ್ಟ ಅನುಮತಿ ವಾಪಸ್ ತೆಗೆಯುತ್ತದೆ, ತಾತ್ಕಾಲಿಕ ಫೈಲ್ ಅಳಿಸುತ್ತದೆ, ನೋಟಿಫಿಕೇಶನ್ ನಿಲ್ಲಿಸುತ್ತದೆ. ಇದು 12ರಿಂದ ಬಂದದ್ದು. ತೋಟದಮನೆಯವರ 11ರಲ್ಲಿ ಅನುಮತಿ ತೆಗೆಯುವುದು ಮಾತ್ರ ಇದೆ.

ಶಿರಸಿ ತೋಟದಮನೆ

ಒಂದು ವಾರದ ನಂತರ ಬರೆಯುತ್ತಿದ್ದೇನೆ. ಈಗ 9.4 ಜಿಬಿ ಖಾಲಿ ಇದೆ. ಆಯಿ ದಿನಾ ಮಧ್ಯಾಹ್ನ ಫೋನ್ ತೆಗೆದುಕೊಂಡು ಹೋಗಿ ಚಾರ್ಜಿಗೆ ಹಾಕಿ ಎರಡು ಗಂಟೆ ಮುಟ್ಟಲು ಬಿಡುವುದಿಲ್ಲವಂತೆ. ನಾನು ಹುಬ್ಬಳ್ಳಿಯಿಂದ ಫೋನ್ ಮಾಡಿದರೆ ಎರಡನೇ ರಿಂಗಿಗೇ ಅಪ್ಪಯ್ಯ ಎತ್ತುತ್ತಾರೆ. ಜಾಹೀರಾತು ಒಂದೂ ಇಲ್ಲ. ಎಲ್ಲರಿಗೂ ಮನಸಾರೆ ಧನ್ಯವಾದ.

ಒಂದು ಮಾತ್ರ ಉಳಿದಿದೆ. ಬಸ್ಸಿನಲ್ಲಿ ದೇವಿಮನೆ ಘಾಟಿ ಇಳಿದು ಕುಮಟೆಗೆ ಬರುವಷ್ಟರಲ್ಲಿ ಫೋನ್ ಬಿಸಿಯಾಗಿ, ಬ್ಯಾಟರಿ 30% ಇಳಿದಿರುತ್ತದೆ. ಜೇಬಿನಲ್ಲೇ ಇದ್ದರೂ. ಬೂಸ್ಟರ್ ಇದ್ದಾಗ ಅದರಿಂದ ಅಂದುಕೊಂಡಿದ್ದೆವು. ಈಗಲೂ ಹಾಗೇ ಆಗುತ್ತಿದೆ.

ಕುಮಟಾ ರಿಪೇರಿ

ಘಾಟಿಯಲ್ಲಿ ಸಿಗ್ನಲ್ ಸಿಗದೆ ಫೋನ್ ಟವರ್ ಹುಡುಕುತ್ತಲೇ ಇರುತ್ತದೆ, ಅದಕ್ಕೆ ಬಿಸಿ. ಆದರೆ 30% ಜಾಸ್ತಿ ಆಯಿತು. 4 ವರ್ಷದ ಬ್ಯಾಟರಿ ಸೋತಿರಲೂಬಹುದು. ನೋಡದೆ ಹೇಳಲಾರೆ.

ಮುಂದಿನ ಸಲ ಶಿರಸಿ ಬಿಡುವಾಗಲೇ ಏರೋಪ್ಲೇನ್ ಮೋಡ್ ಹಾಕಿ, ಕುಮಟೆಯಲ್ಲಿ ಇಳಿದ ಮೇಲೆ ತೆಗೆಯಿರಿ. 3 ಅಥವಾ 4% ಮಾತ್ರ ಇಳಿದಿದ್ದರೆ ಬ್ಯಾಟರಿ ಚೆನ್ನಾಗಿದೆ, ಸಿಗ್ನಲ್ಲಿನದೇ ತೊಂದರೆ. ಆಗಲೂ 20 ಇಳಿದರೆ ಬಸ್ ಸ್ಟ್ಯಾಂಡಿನಿಂದ ಸೀದಾ ನನ್ನ ಹತ್ತಿರ ಬರಲಿ.

ಶಿರಸಿ ತೋಟದಮನೆ

ಗುರುವಾರ ಬರುತ್ತಾರೆ ಅಣ್ಣ. ಹೊರಡುವಾಗ ಎಷ್ಟು, ಇಳಿದಾಗ ಎಷ್ಟು ಅಂತ ಚೀಟಿಯಲ್ಲಿ ಬರೆದುಕೊಳ್ಳಲು ಹೇಳಿದ್ದೇನೆ. ಸಂಜೆ ಇಲ್ಲೇ ಹಾಕುತ್ತೇನೆ.